ಪಟ್ಟಿಯಲ್ಲಿ ನಂಜಮ್ಮನವರು ಮೊದಲೇಕೆ ಬಂದರು?

ಖಾದಿಯ ನೂಲಿಗೆ ಹೆಸರಾದ ನಂಜನಗೂಡು ತಾಲ್ಲೂಕಿನ ಬದನವಾಳುವಿನ ಹೆಸರನ್ನು ಹಳೆಯ ‘ನುಡಿ’ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದರೆ ಪರದೆಯ ಮೇಲೆ ಅದು ಅಚ್ಚುಕಟ್ಟಾಗಿ ಕಾಣುತ್ತದೆ. ಆದರೆ ಗಣಕಯಂತ್ರದ ಸ್ಮರಣೆಯಲ್ಲಿ ಉಳಿಯುವುದು §zÀ£ÀªÁ¼ÀÄ ಎಂಬ ಚಿಹ್ನೆಗಳ ಸಾಲು ಮಾತ್ರ. ಅಕ್ಷರಶೈಲಿ ಎಂಬ ಕನ್ನಡಕದ ಮೂಲಕ ಅದು ಕನ್ನಡವಾಗಿ ತೋರುತ್ತದೆ, ಅಷ್ಟೇ. ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ಯಲ್ಲಿ ನಮ್ಮ ಕಚೇರಿಗಳು ಹಲವು ವರ್ಷ ಸಿದ್ಧಪಡಿಸಿದ ಪಟ್ಟಿಗಳಲ್ಲಿ ಬಹಳಷ್ಟು ಈ ಬಗೆಯವೇ.

ಇಂತಹ ಪಟ್ಟಿಯೊಂದನ್ನು ಪಿಡಿಎಫ್ ಕಡತದಿಂದ ಎಕ್ಸೆಲ್‌ಗೆ ಎತ್ತಿಕೊಂಡು, ಅಕಾರಾದಿಯಾಗಿ ಜೋಡಿಸಲು ಆಜ್ಞೆ ಕೊಟ್ಟಾಗ ಏನಾಗುತ್ತದೆ ಎಂಬುದನ್ನು ಏಳು ಹೆಸರುಗಳಿಂದ ನೋಡೋಣ. ಅನಸೂಯ, ಗಿರಿಜಮ್ಮ, ಗೌರಮ್ಮ, ಚಿಕ್ಕಣ್ಣ, ನಂಜಮ್ಮ, ಬಸವಣ್ಣ, ಯಶೋದಮ್ಮ: ಇದು ನಮ್ಮ ವರ್ಣಮಾಲೆಯ ಕ್ರಮ. ಯಂತ್ರ ಕೊಡುವ ಪಟ್ಟಿಯಲ್ಲಿ ನಂಜಮ್ಮ, ಬಸವಣ್ಣ ಎಲ್ಲರಿಗಿಂತ ಮೇಲಿರುತ್ತಾರೆ. ಅವರ ಹಿಂದೆಯೇ ಯಶೋದಮ್ಮ, ಚಿಕ್ಕಣ್ಣ, ಆಮೇಲೆ ಅನಸೂಯ, ಗೌರಮ್ಮ, ಕಡೆಗೆ ಗಿರಿಜಮ್ಮ.

ಇದರಲ್ಲಿ ಯಾವ ಗೂಢವೂ ಇಲ್ಲ. ಆ ಸಂಕೇತದಲ್ಲಿ ‘ನ’ ಎಂಬುದು £ ಚಿಹ್ನೆಯಿಂದಲೂ ‘ಬ’ ಎಂಬುದು § ಚಿಹ್ನೆಯಿಂದಲೂ ಆರಂಭವಾಗುತ್ತವೆ. ಎಕ್ಸೆಲ್ ಚಿಹ್ನೆಗಳನ್ನು ಅಕ್ಷರಗಳಿಗಿಂತ ಮೊದಲು ಇಡುತ್ತದೆ. ‘ಯ’ ಎಂಬುದು A ಯಿಂದ, ‘ಚಿ’ ಎಂಬುದು a ಯಿಂದ ಶುರುವಾಗುತ್ತವೆ. ಅದಕ್ಕೆ ದೊಡ್ಡ, ಚಿಕ್ಕ ಅಕ್ಷರಗಳ ಭೇದವಿಲ್ಲದ್ದರಿಂದ ಇಬ್ಬರೂ ನೆರೆಹೊರೆಯವರಾದರು. ನಮ್ಮ ಮೊದಲಕ್ಷರ ‘ಅ’ ಅಲ್ಲಿ C ಆಗಿ ಅವರ ನಂತರ ನಿಂತಿತು. ಗೌರಮ್ಮನ ‘ಗೌ’ U ಯಿಂದ, ಗಿರಿಜಮ್ಮನ ‘ಗಿ’ V ಯಿಂದ ಹುಟ್ಟುತ್ತವೆ. ಗುಣಿತಾಕ್ಷರವನ್ನು ಯಂತ್ರ ಕಾಣದು, ಅದರ ಆಕಾರದ ತುಂಡುಗಳನ್ನಷ್ಟೇ ಎಣಿಸುತ್ತದೆ. ಹೆಸರುಗಳ ಮೇಲೆ ಪುನಃ ‘ನುಡಿ’ ಅಕ್ಷರಶೈಲಿ ಹೊದಿಸಿದರೆ ಕನ್ನಡ ಕಾಣುವುದೇ ಹೊರತು ಕ್ರಮ ಸರಿಹೋಗದು.

ಇದು ಬರಿಯ ಅಂದಚಂದದ ಪ್ರಶ್ನೆಯಲ್ಲ. ಸಾವಿರಾರು ಹೆಸರುಗಳ ಮುದ್ರಿತ ಪಟ್ಟಿಯಲ್ಲಿ ಯಶೋದಮ್ಮನನ್ನು ‘ಯ’ಕಾರದಲ್ಲಿ ಹುಡುಕುವ ಗುಮಾಸ್ತನಿಗೆ ಆಕೆ ಸಿಗುವುದಿಲ್ಲ. ‘ನಿಮ್ಮ ಹೆಸರಿಲ್ಲ’ ಎಂಬ ಉತ್ತರದೊಂದಿಗೆ ಆಕೆ ಊರಿಗೆ ಹಿಂತಿರುಗುತ್ತಾಳೆ.

ಪರಿಹಾರಕ್ಕೆ ಕೈಹಾಕುವ ಮುನ್ನ ಹೊಸ ಕಾಲಂ ಒಂದರಲ್ಲಿ ಮೂಲ ಕ್ರಮದ ಸಂಖ್ಯೆಗಳನ್ನು ಬರೆದಿಡಬೇಕು. ಏನೇ ಎಡವಟ್ಟಾದರೂ ಮೊದಲಿನ ಸ್ಥಿತಿಗೆ ಮರಳಲು ಅದೇ ದಾರಿ. ಬಳಿಕ ಹೆಸರುಗಳ ಕಾಲಂ ಅನ್ನು ‘ನುಡಿ’ ಅಥವಾ ‘ಬರಹ’ದ ಪರಿವರ್ತಕದ ಮೂಲಕ ಯೂನಿಕೋಡ್‌ಗೆ ಬದಲಾಯಿಸಿ, ಮೂಲವನ್ನು ಅಳಿಸದೆ ಅದರ ಪಕ್ಕದಲ್ಲಿ ಇಡಬೇಕು. ಒಂದೊಂದೇ ಚಿಹ್ನೆಯನ್ನು ಹುಡುಕಿ ಬದಲಿಸುವ ಅಡ್ಡದಾರಿ ಸಲ್ಲದು. ಧರ್ಮಣ್ಣನ ಅರ್ಕಾವೊತ್ತು ಹಳೆಯ ಸಂಕೇತದಲ್ಲಿ ‘ಮ’ದ ಬಳಿಕ ಬರುತ್ತದೆ, ಯೂನಿಕೋಡ್‌ನಲ್ಲಿ ‘ರ’ ಮುಂದೆ ಬರಬೇಕು. ಈ ಸ್ಥಾನಪಲ್ಲಟ ಅಡ್ಡದಾರಿಗೆ ತಿಳಿಯದು.

ಪರಿವರ್ತನೆಯಾದ ಹೆಸರು B ಕಾಲಂನಲ್ಲಿದ್ದರೆ, ಪಕ್ಕದಲ್ಲಿ ಈ ಸೂತ್ರ ಬರೆದು ಕೆಳಗಿನವರೆಗೂ ಎಳೆಯಿರಿ:

```
=UNICODE(LEFT(B2,1))
```

ಇದು ಮೊದಲ ಅಕ್ಷರದ ಸಂಕೇತಸಂಖ್ಯೆಯನ್ನು ಹೇಳುತ್ತದೆ. ‘ಅ’ ಎಂದರೆ 3205, ‘ಹ’ ಎಂದರೆ 3257. ಕನ್ನಡ ಹೆಸರಿನ ಉತ್ತರ ಇವೆರಡರ ನಡುವೆಯೇ ಇರಬೇಕು. 163 ಬಂದರೆ £ ಪರಿವರ್ತನೆಯಾಗದೆ ಉಳಿದಿದೆ. 32 ಅಥವಾ 160 ಬಂದರೆ ಹೆಸರಿನ ಮುಂದೆ ಕಣ್ಣಿಗೆ ಕಾಣದ ಖಾಲಿ ಜಾಗವಿದೆ. ಹೆಸರಿನ ಒಳಗಿನ ದೋಷಕ್ಕೆ `LEN` ಸೂತ್ರ ನೆರವಾಗುತ್ತದೆ. ‘ನಂಜಮ್ಮ’ ಎಂಬುದಕ್ಕೆ ಬಿಂದು, ಹಲಂತ ಸೇರಿ 6 ಬರಬೇಕು. 7 ಬಂದರೆ ಏನೋ ಅಡಗಿ ಕುಳಿತಿದೆ ಎಂದರ್ಥ.

ಆನಂತರವೇ ಜೋಡಣೆ. ಹೆಸರಿನ ಕಾಲಂ ಒಂದನ್ನೇ ಅಲ್ಲ, ಇಡೀ ಕೋಷ್ಟಕವನ್ನು ಆರಿಸಿಕೊಳ್ಳಬೇಕು. ಇಲ್ಲವಾದರೆ ಒಬ್ಬರ ಹೆಸರಿನ ಎದುರು ಮತ್ತೊಬ್ಬರ ಖಾತೆಸಂಖ್ಯೆ ಬಂದು ಕೂರುತ್ತದೆ. ಇನ್ನು ‘ಳ’ಕಾರದ ತೊಡಕೊಂದು ಉಳಿಯುತ್ತದೆ. ಯೂನಿಕೋಡ್ ಅದನ್ನು ‘ಲ’ದ ಪಕ್ಕದಲ್ಲಿ ಇರಿಸಿದೆ, ನಮ್ಮ ವರ್ಣಮಾಲೆಯಲ್ಲಿ ಅದು ‘ಹ’ದ ನಂತರ ಬರುತ್ತದೆ. ಕಾವೇರಮ್ಮ, ಕಾಳಮ್ಮ ಎಂಬ ಎರಡು ಹೆಸರುಗಳಿಂದ ಪರೀಕ್ಷಿಸಿ. ಕಾಳಮ್ಮ ಮೊದಲು ಬಂದರೆ ನಿಮ್ಮ ತಂತ್ರಾಂಶ ಬರಿಯ ಸಂಕೇತಸಂಖ್ಯೆಯನ್ನು ಅನುಸರಿಸುತ್ತಿದೆ. ಆಗ ಲಿಬ್ರೆ ಆಫೀಸ್‌ನ ಜೋಡಣೆಯ ಆಯ್ಕೆಗಳಲ್ಲಿ ಭಾಷೆಯನ್ನು ಕನ್ನಡವೆಂದು ಸೂಚಿಸಿ ಮತ್ತೊಮ್ಮೆ ಪರೀಕ್ಷಿಸಬಹುದು.

ಇಷ್ಟಾದರೂ ಕ್ರಮಕ್ಕೆ ಸಾಧ್ಯವಾಗದ ಸಂಗತಿಯೊಂದಿದೆ. ಒಂದು ಕಡತದಲ್ಲಿ ‘ಸಿದ್ದಮ್ಮ’, ಇನ್ನೊಂದರಲ್ಲಿ ‘ಸಿದ್ಧಮ್ಮ’ ಎಂದಿದ್ದರೆ ಯಂತ್ರಕ್ಕೆ ಅವರು ಇಬ್ಬರು. ಸರಿಯಾದ ಅಕಾರಾದಿಯಲ್ಲಿ ಅವರಿಬ್ಬರೂ ಅಕ್ಕಪಕ್ಕಕ್ಕೆ ಬರುವುದರಿಂದ ಅನುಮಾನ ಕಣ್ಣಿಗೆ ಬೀಳುತ್ತದೆ. ಅವರು ಒಬ್ಬರೇ ಎಂದು ತೀರ್ಮಾನಿಸಬೇಕಾದವನು ಊರನ್ನು ಬಲ್ಲ ಗ್ರಾಮ ಆಡಳಿತಾಧಿಕಾರಿಯೇ.