ಒಂದು ಸೋಲಿಗೆ ಮನೆಗೆ ಕಳಿಸೋದಾ? ಲೀಗ್ ಮತ್ತು ನಾಕೌಟ್‌ನ ನ್ಯಾಯದ ಲೆಕ್ಕ

ಈ ವಾರದ ಮಾತಿನ ಬರಹ ರೂಪ ಇದು. ವಿಷಯ ಎಲ್ಲಾ ಆಫೀಸ್ ಗ್ರೂಪುಗಳಲ್ಲೂ, ಕನ್ನಡ ಬಳಗಗಳಲ್ಲೂ ವರ್ಷಕ್ಕೊಂದು ಸಲ ಜಗಳ ಹಚ್ಚೋದೇ: ಟೂರ್ನಮೆಂಟ್ ಲೀಗ್ ಮಾಡೋಣವಾ, ನಾಕೌಟ್ ಮಾಡೋಣವಾ?

ಮಾತಿಗೆ ಒಂದು ಜಾಗ ಇಟ್ಕೊಳ್ಳೋಣ. ನಾಶಿಕ್–ಪುಣೆ ಹೆದ್ದಾರಿಯ ಸಿನ್ನರ್. ಪುಣೆ, ಮುಂಬೈ, ನಾಶಿಕ್ ಮೂರೂ ಕಡೆಯ ಕನ್ನಡಿಗರು ಸೇರಬೇಕು ಅಂದ್ರೆ ಅದೊಂದು ಅನುಕೂಲದ ಊರು. ಅಲ್ಲೊಂದು ಮೈದಾನ, ಒಂದೇ ಪಿಚ್, ಟೆನಿಸ್ ಬಾಲ್, ಎಂಟು ಓವರಿನ ಪಂದ್ಯ, ಎಂಟು ತಂಡ ಅಂತ ಇಟ್ಕೊಳ್ಳಿ. ಒಂದು ಪಂದ್ಯಕ್ಕೆ ಸುಮಾರು 75 ನಿಮಿಷ ಬೇಕು. ಬೆಳಿಗ್ಗೆ ಏಳಕ್ಕೆ ಶುರು ಮಾಡಿದರೆ ಸಂಜೆ ಐದರೊಳಗೆ ಎಂಟು ಪಂದ್ಯ ಮುಗಿಯುತ್ತೆ.

ನಾಕೌಟ್ ಆದರೆ ಎಂಟು ತಂಡಕ್ಕೆ ಒಟ್ಟು ಏಳೇ ಪಂದ್ಯ. ಪ್ರತಿ ಪಂದ್ಯದಲ್ಲೂ ಒಂದು ತಂಡ ಹೊರಗೆ ಹೋಗುತ್ತೆ, ಚಾಂಪಿಯನ್ ಉಳಿಯೋಕೆ ಏಳು ತಂಡ ಹೋಗಬೇಕು, ಅಷ್ಟೇ ಲೆಕ್ಕ. ಭಾನುವಾರ ಒಂದೇ ದಿನದಲ್ಲಿ ಮುಗಿಸಬಹುದು. ಎಲ್ಲರೂ ಎಲ್ಲರ ಜೊತೆ ಆಡೋ ಲೀಗ್ ಆದರೆ 28 ಪಂದ್ಯ, ಅಂದರೆ ಮೂರೂವರೆ ದಿನ. ಅದಕ್ಕೇ ಬಹಳಷ್ಟು ಕಡೆ ಯೋಚನೆ ಮಾಡದೇ ನಾಕೌಟ್ ಅಂದುಬಿಡ್ತಾರೆ. ಆದರೆ ಹಾಗೆ ಉಳಿಸಿದ ಸಮಯದ ಬೆಲೆ ಯಾರು ಕೊಡ್ತಾರೆ? ಮೊದಲ ಸುತ್ತಲ್ಲೇ ಸೋಲೋ ನಾಲ್ಕು ತಂಡ. ಮುಂಬೈನಿಂದ ನಾಲ್ಕು ಗಂಟೆ ಕಾರಲ್ಲಿ ಬಂದು, ಹದಿನಾರು ಓವರ್ ಆಡಿ, ಒಂಬತ್ತು ಗಂಟೆಗೆ ವಾಪಸ್.

ಸರಿ, ಸೋತವರಿಗೆ ಬೇಜಾರು ಇರಲಿ, ಗೆದ್ದವರು ನಿಜವಾಗಿ ಚೆನ್ನಾಗಿರೋ ತಂಡ ತಾನೇ ಅಂತೀರಾ? ಅಲ್ಲೇ ಲೆಕ್ಕ ಕೈಕೊಡೋದು. ಒಂದು ತಂಡ ತುಂಬಾ ಬಲಶಾಲಿ ಅಂದುಕೊಳ್ಳಿ. ಬೇರೆ ಯಾವ ತಂಡದ ಮೇಲೆ ಆಡಿದರೂ ಹತ್ತಕ್ಕೆ ಏಳು ಸಲ ಗೆಲ್ಲುತ್ತೆ. ನಾಕೌಟ್‌ನಲ್ಲಿ ಕಪ್ ಎತ್ತೋಕೆ ಅದು ಸತತ ಮೂರು ಪಂದ್ಯ ಗೆಲ್ಲಬೇಕು. 0.7 × 0.7 × 0.7 ಅಂದರೆ 0.343. ಅಂದರೆ ಎಲ್ಲರಿಗಿಂತ ಎದ್ದು ಕಾಣೋ ತಂಡವೂ ಮೂರರಲ್ಲಿ ಎರಡು ಸಲ ಕಪ್ ಇಲ್ಲದೇ ಮನೆಗೆ ಹೋಗುತ್ತೆ. ಅದೇ ತಂಡ ಲೀಗ್‌ನಲ್ಲಿ ಏಳು ಪಂದ್ಯ ಆಡಿದರೆ, ಐದು ಅಥವಾ ಹೆಚ್ಚು ಗೆಲ್ಲೋ ಸಾಧ್ಯತೆ ಸುಮಾರು 65 ಪರ್ಸೆಂಟ್. ಐದು ಗೆಲುವು ಇದ್ದರೆ ಸಾಮಾನ್ಯವಾಗಿ ಪಟ್ಟಿಯ ಮೇಲ್ಭಾಗದಲ್ಲೇ ಇರ್ತೀರಿ. ನಮ್ಮ ಭಾಷೆಯಲ್ಲಿ ಹೇಳೋದಾದರೆ, ನಾಕೌಟ್ ಅಂದರೆ ಒಂದೇ ಟೆಸ್ಟ್ ಕೇಸ್ ಓಡಿಸಿ ಪಾಸ್ ಅಥವಾ ಫೇಲ್ ಅನ್ನೋದು.

ಇದನ್ನ ನಾವು ಕನ್ನಡಿಗರು ಅನುಭವಿಸಿ ತಿಳಿದವರು. 2017-18ರ ರಣಜಿ ನೆನಪಿದೆಯಾ? ಲೀಗ್ ಹಂತದಲ್ಲಿ ಕರ್ನಾಟಕ ತನ್ನ ಗುಂಪಿನಲ್ಲಿ ಮೊದಲನೇ ಸ್ಥಾನ. ಕ್ವಾರ್ಟರ್ ಫೈನಲ್‌ನಲ್ಲಿ ನಾಗಪುರದಲ್ಲಿ ಮುಂಬೈ ತಂಡವನ್ನ ಇನಿಂಗ್ಸ್ ಮತ್ತು 20 ರನ್ನಿಂದ ಸೋಲಿಸಿತು. ಆಮೇಲೆ ಕೋಲ್ಕತ್ತಾದ ಈಡನ್ ಗಾರ್ಡನ್ಸ್‌ನಲ್ಲಿ ವಿದರ್ಭದ ಮೇಲೆ ಸೆಮಿಫೈನಲ್. ವಿದರ್ಭ 185, ಕರ್ನಾಟಕ 301. ಮೊದಲ ಇನಿಂಗ್ಸ್‌ನಲ್ಲಿ 116 ರನ್ ಮುನ್ನಡೆ. ವಿದರ್ಭ ಎರಡನೇ ಸಲ 313 ಹೊಡೆಯಿತು, ಕರ್ನಾಟಕಕ್ಕೆ 198 ಬೇಕಿತ್ತು. ರಜನೀಶ್ ಗುರ್ಬಾನಿ ಏಳು ವಿಕೆಟ್ ಕಿತ್ತರು, ಕರ್ನಾಟಕ 192ಕ್ಕೆ ಆಲೌಟ್. ಐದೇ ಐದು ರನ್.

ಇಲ್ಲಿ ವಿದರ್ಭಕ್ಕೆ ಅನ್ಯಾಯದ ಗೆಲುವು ಸಿಕ್ಕಿತು ಅಂತ ಹೇಳ್ತಿಲ್ಲ. ಅವರು ಚೆನ್ನಾಗೇ ಆಡಿದರು, ಮುಂದೆ ದೆಹಲಿಯನ್ನೂ ಸೋಲಿಸಿ ಮೊದಲ ಸಲ ರಣಜಿ ಗೆದ್ದರು. ನೋಡಬೇಕಾದ್ದು ಐದು ರನ್ನಿನ ತೂಕ ಎಷ್ಟು ಅನ್ನೋದು. ಲೀಗ್ ಹಂತದಲ್ಲಿ ಇದೇ ಪಂದ್ಯ ಸೋತಿದ್ದರೆ ಆರು ಪಾಯಿಂಟ್ ಕೈತಪ್ಪುತ್ತಿತ್ತು, ಮುಂದಿನ ಪಂದ್ಯದಲ್ಲಿ ಸರಿಮಾಡಿಕೊಳ್ಳೋ ದಾರಿ ಇರುತ್ತಿತ್ತು. ನಾಕೌಟ್‌ನಲ್ಲಿ ಅದೇ ಐದು ರನ್ನಿಗೆ ಇಡೀ ಸೀಸನ್ ಹೋಯಿತು.

ಇನ್ನೂ ಕಡಿಮೆ ಅಂತರ ಬೇಕಾ? ಪುಣೆಯಲ್ಲಿರೋರು 2025ರ ಫೆಬ್ರವರಿಯಲ್ಲಿ ಗಹುಂಜೆ ಮೈದಾನದಲ್ಲೇ ನೋಡಿರಬಹುದು. ರಣಜಿ ಕ್ವಾರ್ಟರ್ ಫೈನಲ್, ಜಮ್ಮು ಮತ್ತು ಕಾಶ್ಮೀರ 280, ಕೇರಳ 281. ಪಂದ್ಯ ಡ್ರಾ. ಲೀಗ್‌ನಲ್ಲಾದರೆ ಮೊದಲ ಇನಿಂಗ್ಸ್ ಮುನ್ನಡೆಗೆ ಮೂರು ಪಾಯಿಂಟ್, ಹಿಂದೆ ಬಿದ್ದವರಿಗೆ ಒಂದು. ನಾಕೌಟ್‌ನಲ್ಲಿ ಡ್ರಾ ಅನ್ನೋ ಉತ್ತರಕ್ಕೆ ಜಾಗವೇ ಇಲ್ಲ, ಯಾರಾದರೂ ಒಬ್ಬರು ಹೋಗಲೇಬೇಕು. ಹಾಗಾಗಿ ಐದು ದಿನದ ಆಟದ ಕೊನೆಗೆ ಒಂದು ರನ್ ತೀರ್ಪು ಕೊಟ್ಟಿತು.

ನಾಕೌಟ್‌ನಲ್ಲಿ ಇನ್ನೊಂದು ಕಾಣದ ಅನ್ಯಾಯ ಇದೆ, ಅದು ಎರಡನೇ ಸ್ಥಾನದ್ದು. ಎಂಟು ತಂಡಕ್ಕೆ ಚೀಟಿ ಎತ್ತಿ ಡ್ರಾ ಮಾಡಿದಿರಿ ಅಂದುಕೊಳ್ಳಿ. ನಿಜವಾದ ಮೊದಲ ಮತ್ತು ಎರಡನೇ ಬಲಶಾಲಿ ತಂಡಗಳು ಡ್ರಾದ ಒಂದೇ ಅರ್ಧದಲ್ಲಿ ಬೀಳೋ ಸಾಧ್ಯತೆ ಏಳರಲ್ಲಿ ಮೂರು. ಹಾಗೆ ಬಿದ್ದರೆ ಎರಡನೇ ತಂಡ ಫೈನಲ್‌ಗೆ ಮೊದಲೇ ಅವರ ಕೈಗೆ ಸಿಕ್ಕಿ ಹೊರಗೆ, ಆ ಕಡೆ ಅರ್ಧದಿಂದ ಸಾಧಾರಣ ತಂಡ ರನ್ನರ್ ಅಪ್. ಇದಕ್ಕೇ ಸೀಡಿಂಗ್ ಮಾಡೋದು: ಹೋದ ವರ್ಷದ ಮೊದಲೆರಡು ತಂಡಗಳನ್ನ ಬೇರೆ ಬೇರೆ ಅರ್ಧಕ್ಕೆ ಹಾಕಿ, ಉಳಿದವಕ್ಕೆ ಮಾತ್ರ ಚೀಟಿ ಎತ್ತೋದು.

ಹಾಗಾದರೆ ಲೀಗ್ ಪೂರ್ತಿ ನ್ಯಾಯವಾ? ಅಲ್ಲ. ಅದರ ಕಷ್ಟ ಬೇರೆ ಥರ. ಇದಕ್ಕೂ ನಮ್ಮವರದ್ದೇ ಉದಾಹರಣೆ ಇದೆ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬ್ಯಾಡ್ಮಿಂಟನ್ ಡಬಲ್ಸ್‌ಗೆ ಹೊಸದಾಗಿ ಗುಂಪು ಹಂತ ತಂದರು, ಅದಕ್ಕೆ ಮುಂಚೆ ನೇರ ನಾಕೌಟ್ ಇತ್ತು. ನಮ್ಮ ಅಶ್ವಿನಿ ಪೊನ್ನಪ್ಪ ಮತ್ತು ಜ್ವಾಲಾ ಗುಟ್ಟಾ ಇದ್ದ ಗುಂಪಿನಲ್ಲಿ ನಾಲ್ಕು ಜೋಡಿ, ಎರಡಕ್ಕೆ ಮುಂದಿನ ಸುತ್ತು. ಜಪಾನ್ ಭಾರತವನ್ನ ಸೋಲಿಸಿತು, ಭಾರತ ತೈಪೆಯನ್ನ ಸೋಲಿಸಿತು, ತೈಪೆ ಜಪಾನನ್ನ ಸೋಲಿಸಿತು. ಮೂವರೂ ಸಿಂಗಪುರವನ್ನ ಸೋಲಿಸಿದರು. ಮೂವರಿಗೂ ಎರಡೆರಡು ಗೆಲುವು. ಇಂಥಾ ಸುತ್ತು ಬಿದ್ದರೆ ಪರಸ್ಪರ ಪಂದ್ಯ ನೋಡಿಯೂ ಪ್ರಯೋಜನ ಇಲ್ಲ, ಕೊನೆಗೆ ಪಾಯಿಂಟ್‌ಗಳ ವ್ಯತ್ಯಾಸ ಎಣಿಸಬೇಕಾಯಿತು. ಒಂದೇ ಒಂದು ಪಾಯಿಂಟ್ ಕಡಿಮೆಯಾಗಿ ಭಾರತ ಹೊರಗೆ. ತೈಪೆ ಎದುರಿನ ಜಪಾನ್ ಆಟದ ಬಗ್ಗೆ ಭಾರತ ದೂರು ಕೊಟ್ಟಿತು, ಅದು ತಿರಸ್ಕೃತವಾಯಿತು. ಅದೇ ಜಪಾನ್ ಜೋಡಿ ಮುಂದೆ ಬೆಳ್ಳಿ ಗೆದ್ದಿತು.

ಅದೇ ಸ್ಪರ್ಧೆಯಲ್ಲಿ ಇನ್ನೂ ದೊಡ್ಡ ರಂಪ ಆಯ್ತು. ಚೀನಾದ ಒಂದು ಜೋಡಿ ತನ್ನ ಗುಂಪಿನಲ್ಲಿ ಅನಿರೀಕ್ಷಿತವಾಗಿ ಎರಡನೇ ಸ್ಥಾನಕ್ಕೆ ಇಳಿಯಿತು. ಮುಂದಿನ ಸುತ್ತಿನ ಜೋಡಣೆ ಮೊದಲೇ ನಿಗದಿಯಾಗಿತ್ತು. ಹಾಗಾಗಿ ಆಗಲೇ ಅರ್ಹತೆ ಪಡೆದಿದ್ದ ಕೆಲವು ಜೋಡಿಗಳಿಗೆ ಕೊನೆಯ ಗುಂಪು ಪಂದ್ಯ ಗೆಲ್ಲೋದಕ್ಕಿಂತ ಸೋಲೋದೇ ಲಾಭ ಅನ್ನಿಸಿತು. ಎರಡೂ ಕಡೆಯವರು ಬೇಕಂತಲೇ ಸರ್ವ್ ನೆಟ್ಟಿಗೆ ಹೊಡೆದರು. ಚೀನಾದ ಒಂದು, ಇಂಡೋನೇಷ್ಯಾದ ಒಂದು, ದಕ್ಷಿಣ ಕೊರಿಯಾದ ಎರಡು, ಒಟ್ಟು ನಾಲ್ಕು ಜೋಡಿಗಳನ್ನ ಸ್ಪರ್ಧೆಯಿಂದ ತೆಗೆದುಹಾಕಿದರು. ನಾಕೌಟ್‌ನಲ್ಲಿ ಈ ಸಮಸ್ಯೆ ಹುಟ್ಟೋದೇ ಇಲ್ಲ, ಯಾಕಂದರೆ ಅಲ್ಲಿ ಸೋತವರಿಗೆ ಏನೂ ಸಿಗಲ್ಲ. ಲೀಗ್‌ನಲ್ಲಿ ಮಾತ್ರ ಕೆಲವರಿಗೆ ಗೆಲ್ಲೋ ಕಾರಣ ಮುಗಿದು ಹೋಗಿರುತ್ತೆ, ಅದರ ಏಟು ಮೂರನೆಯವರಿಗೆ ಬೀಳುತ್ತೆ. 2016ರ ರಿಯೋಗೆ ನಿಯಮ ಬದಲಾಯಿಸಿದರು: ಎರಡನೇ ಸ್ಥಾನದವರು ಯಾರ ಮೇಲೆ ಆಡಬೇಕು ಅನ್ನೋದಕ್ಕೆ ಗುಂಪು ಹಂತ ಮುಗಿದ ಮೇಲೆ ಚೀಟಿ ಎತ್ತೋದು ಅಂತ.

ಈಗ ಸಿನ್ನರ್ ಮೈದಾನಕ್ಕೆ ಬರೋಣ. ಎರಡು ದಿನ ಸಿಕ್ಕರೆ ನಿಮ್ಮ ಹತ್ತಿರ 16 ಪಂದ್ಯದ ಜಾಗ ಇದೆ. ನಾಲ್ಕು ನಾಲ್ಕು ತಂಡದ ಎರಡು ಗುಂಪು ಮಾಡಿ, ಬಲಶಾಲಿ ಎರಡು ತಂಡಗಳನ್ನ ಬೇರೆ ಬೇರೆ ಗುಂಪಿಗೆ ಹಾಕಿ. ಒಂದು ಗುಂಪಿಗೆ ಆರು ಪಂದ್ಯ, ಎರಡಕ್ಕೆ ಹನ್ನೆರಡು. ಯಾರೇ ಬಂದರೂ ಮೂರು ಪಂದ್ಯ ಖಾತ್ರಿ.

ಉಳಿದ ನಾಲ್ಕು ಪಂದ್ಯಕ್ಕೆ ಐಪಿಎಲ್ ಪ್ಲೇಆಫ್ ಕ್ರಮ ಹಿಡಿಯಿರಿ. ಗುಂಪಿನ ಮೊದಲಿಗರಿಬ್ಬರು ಕ್ವಾಲಿಫೈಯರ್ ಆಡಲಿ, ಗೆದ್ದವರು ಫೈನಲ್‌ಗೆ. ಎರಡನೆಯವರಿಬ್ಬರು ಎಲಿಮಿನೇಟರ್ ಆಡಲಿ, ಸೋತವರು ಮನೆಗೆ. ಕ್ವಾಲಿಫೈಯರ್ ಸೋತವರು ಎಲಿಮಿನೇಟರ್ ಗೆದ್ದವರ ಮೇಲೆ ಇನ್ನೊಂದು ಸಲ ಆಡಲಿ. 2011ರಲ್ಲಿ ಈ ಕ್ರಮ ಬಂದ ಮೊದಲ ವರ್ಷವೇ ಲಾಭ ಆಗಿದ್ದು ನಮ್ಮ ಆರ್‌ಸಿಬಿಗೆ. ಪಟ್ಟಿಯಲ್ಲಿ ಮೊದಲಿದ್ದ ತಂಡ ಚೆನ್ನೈ ಮೇಲೆ ಸೋತಿತು, ಆದರೂ ಮುಂಬೈಯನ್ನ ಸೋಲಿಸಿ ಫೈನಲ್ ಸೇರಿತು. ಹಳೆಯ ಸೆಮಿಫೈನಲ್ ಕ್ರಮದಲ್ಲಿ ಆ ಮೊದಲ ಸೋಲಿಗೇ ಕಥೆ ಮುಗೀತಿತ್ತು. ಈ ಕ್ರಮದಲ್ಲಿ ಮೊದಲ ಸ್ಥಾನಕ್ಕೆ ನಿಜವಾದ ಬೆಲೆ ಇರೋದರಿಂದ, ಬೇಕಂತ ಎರಡನೇ ಸ್ಥಾನಕ್ಕೆ ಇಳಿಯೋಕೆ ಯಾರಿಗೂ ಮನಸ್ಸಾಗಲ್ಲ.

ಪಂದ್ಯದ ಕ್ರಮದಲ್ಲೂ ನ್ಯಾಯ ಇದೆ. ಭಾನುವಾರ ಮಧ್ಯಾಹ್ನ ಕ್ವಾಲಿಫೈಯರ್ ಮೊದಲು ಇಡಿ, ಆಮೇಲೆ ಎಲಿಮಿನೇಟರ್. ಆಗ ಕ್ವಾಲಿಫೈಯರ್ ಸೋತ ತಂಡಕ್ಕೆ ಒಂದು ಪಂದ್ಯದ ವಿಶ್ರಾಂತಿ ಸಿಗುತ್ತೆ. ಫೈನಲ್‌ಗೆ ಮುಂಚೆ ಅರ್ಧ ಗಂಟೆ ಬಿಡಿ, ಇಲ್ಲದಿದ್ದರೆ ಒಂದು ತಂಡ ಬೆವರು ಒರೆಸಿಕೊಳ್ಳದೇ ಮತ್ತೆ ಇಳಿಯಬೇಕಾಗುತ್ತೆ.

ಸಮ ಬಂದಾಗ ಏನು ಅನ್ನೋದನ್ನ ಮೊದಲ ಬಾಲ್‌ಗೆ ಮುಂಚೆ ಬರೆದು ವಾಟ್ಸಾಪ್ ಗ್ರೂಪಿಗೆ ಹಾಕಿ. ಇಬ್ಬರೇ ಸಮ ಇದ್ದರೆ ಪರಸ್ಪರ ಪಂದ್ಯ, ಮೂವರು ಸಮ ಇದ್ದರೆ ನೆಟ್ ರನ್ ರೇಟ್. ಅದರ ಲೆಕ್ಕದಲ್ಲಿ ಸಾಮಾನ್ಯವಾಗಿ ಆಗೋ ತಪ್ಪು ಆಲೌಟ್ ತಂಡದ್ದು. ಒಂದು ತಂಡ 8 ಓವರ್‌ಗೆ 72 ಹೊಡೆದು, ಎದುರಾಳಿ 6 ಓವರ್‌ಗೆ 48ಕ್ಕೆ ಆಲೌಟ್ ಆಯಿತು ಅಂದುಕೊಳ್ಳಿ. 48ನ್ನ ಆರರಿಂದ ಭಾಗಿಸಬಾರದು, ಪೂರ್ತಿ ಎಂಟರಿಂದ ಭಾಗಿಸಬೇಕು. ಗೆದ್ದವರ 9ರಲ್ಲಿ 6 ಕಳೆದರೆ ವ್ಯತ್ಯಾಸ 3. ತಪ್ಪು ಲೆಕ್ಕದಲ್ಲಿ ಅದು ಬರೀ 1 ಆಗುತ್ತೆ, ಅಂದರೆ ಬೇಗ ಆಲೌಟ್ ಮಾಡಿದ ತಂಡಕ್ಕೇ ಶಿಕ್ಷೆ.

ಒಂದೇ ದಿನ ಸಿಕ್ಕರೆ? ಆಗ ನಾಕೌಟೇ ಗತಿ, ಆದರೆ ಸೀಡಿಂಗ್ ಬಿಡಬೇಡಿ. ಎಂಟನೇ ಪಂದ್ಯದ ಜಾಗ ಒಂದು ಖಾಲಿ ಇರುತ್ತಲ್ಲ, ಅದನ್ನ ಸೆಮಿಫೈನಲ್ ಸೋತವರಿಬ್ಬರ ಮೂರನೇ ಸ್ಥಾನದ ಪಂದ್ಯಕ್ಕೆ ಕೊಡಿ. ನಿಮ್ಮ ಬಳಗದಲ್ಲಿ ಯಾವ ಕ್ರಮ ನಡೆಯುತ್ತೆ, ಎಲ್ಲಿ ಜಗಳ ಬಂತು ಅಂತ ಕೆಳಗೆ ಬರೀರಿ. ಮುಂದಿನ ವಾರ ಸಿಗೋಣ, ನಮಸ್ಕಾರ.