ಕಿಟಕಿ ಕಡೆಯ ಕೆನ್ನೆ, ಗೋಡೆ ಕಡೆಯ ಕೆನ್ನೆ

ದೊಡ್ಡಮ್ಮನಿಗೆ 75 ತುಂಬಿದ ದಿನ ಅವರದೊಂದು ಫೋಟೊ ತೆಗೆದೆ. ನಡುಮನೆಯ ಕಿಟಕಿಯ ಪಕ್ಕ ಮರದ ಕುರ್ಚಿ, ಬೆಳಗಿನ ಹತ್ತು ಗಂಟೆ, ಹೊರಗೆ ಮೋಡ ಮುಸುಕಿದ ಹದವಾದ ಬೆಳಕು. ಎದುರು ನಿಂತು ನೋಡುವಾಗ ಎಲ್ಲ ಚೆನ್ನಾಗಿಯೇ ಇತ್ತು. ಸಂಜೆ ಕಂಪ್ಯೂಟರಿನಲ್ಲಿ ತೆರೆದಾಗ ಕಿಟಕಿ ಕಡೆಯ ಕೆನ್ನೆ ಬೆಳಗುತ್ತಿತ್ತು, ಗೋಡೆ ಕಡೆಯ ಕೆನ್ನೆ ಕತ್ತಲಲ್ಲಿತ್ತು. ಆ ಕಡೆಯ ಕಣ್ಣಂತೂ ನೆರಳಲ್ಲಿ ಮುಳುಗಿಹೋಗಿತ್ತು. ಮನೆಯಲ್ಲಿ ತೆಗೆದ ಫೋಟೊಗಳಲ್ಲಿ ಇದಕ್ಕಿಂತ ಸಾಮಾನ್ಯವಾದ ತೊಂದರೆ ಇನ್ನೊಂದಿಲ್ಲ.

ನಮ್ಮ ಕಣ್ಣು ಒಂದು ಮುಖವನ್ನು ಒಂದೇ ನೋಟದಲ್ಲಿ ನೋಡುವುದಿಲ್ಲ. ಬೆಳಕಿನ ಕೆನ್ನೆಯಿಂದ ನೆರಳಿನ ಕೆನ್ನೆಗೆ ಸರಿಯುತ್ತಾ ಅಲ್ಲಲ್ಲಿಗೆ ಹೊಂದಿಕೊಳ್ಳುತ್ತದೆ. ಕ್ಯಾಮೆರಾಗೆ ಆ ಅವಕಾಶವಿಲ್ಲ, ಇಡೀ ಮುಖಕ್ಕೆ ಒಂದೇ ಎಕ್ಸ್‌ಪೋಷರ್. ಗೋಡೆ ಕಡೆಯ ಕೆನ್ನೆ ಕಪ್ಪಾಗುವುದು ಅದು ಕಿಟಕಿಯಿಂದ ದೂರ ಇರುವುದರಿಂದಲ್ಲ, ಹೆಚ್ಚೆಂದರೆ ಒಂದು ಗೇಣು ದೂರ ಅಷ್ಟೆ. ಅದು ಕಿಟಕಿಗೆ ಬೆನ್ನು ತಿರುಗಿಸಿರುತ್ತದೆ. ಎದುರಿನ ಗೋಡೆಗೆ ಬಡಿದು ಮರಳಿ ಬಂದ ಅಲ್ಪ ಬೆಳಕು ಮಾತ್ರ ಅದರ ಪಾಲಿಗೆ. ತಿದ್ದುವ ಕೆಲಸವೆಂದರೆ ಆ ಮರಳಿ ಬಂದ ಬೆಳಕನ್ನು ಸ್ವಲ್ಪ ಹೆಚ್ಚಿಸುವುದು. ಅದನ್ನೇ ಫೋಟೊಗ್ರಾಫರುಗಳು ಫಿಲ್ ಎನ್ನುತ್ತಾರೆ.

ಮೊದಲಿಗೆ ಎಲ್ಲರ ಕೈ ಹೋಗುವುದು `Shadows` ಸ್ಲೈಡರಿನ ಕಡೆಗೆ. ನಾನೂ ಅದನ್ನೇ ಎಳೆದೆ. ಕೆನ್ನೆ ತಿಳಿಯಾಯಿತು ನಿಜ, ಜೊತೆಗೆ ಕರಿಮಣಿ ಬೂದಿಯ ಬಣ್ಣಕ್ಕೆ ತಿರುಗಿತು, ಕಡುನೇರಳೆ ಸೀರೆಯ ಮಡಿಕೆಗಳೆಲ್ಲ ಮಂಕಾದವು. ಆ ಸ್ಲೈಡರ್‌ಗೆ ಮುಖ ಯಾವುದು, ಸೀರೆ ಯಾವುದು ಎಂದು ಗೊತ್ತಿಲ್ಲ. ಚಿತ್ರದಲ್ಲಿ ಎಲ್ಲೆಲ್ಲಿ ಕತ್ತಲಿದೆಯೋ ಅಲ್ಲೆಲ್ಲ ಎತ್ತುತ್ತದೆ. ಹಾಗಾಗಿ ಜಾಗ ಗೊತ್ತುಮಾಡಿಕೊಡಬೇಕು. ಆ ಗೊತ್ತುಮಾಡುವ ಸಾಧನವೇ ಮಾಸ್ಕ್. ಅದರ ಅಂಚು ಗೆರೆ ಕೊರೆದಂತಿರದೆ, ಒಂದು ಕಡೆ ಪೂರ್ತಿ ಇದ್ದು ಇನ್ನೊಂದು ಕಡೆಗೆ ಸಾಗುತ್ತಾ ಕರಗಿಹೋಗುವಂತಿದ್ದರೆ ಅದು ಗ್ರೇಡಿಯೆಂಟ್ ಮಾಸ್ಕ್.

ನಾನು ಬಳಸುವುದು ಲೈಟ್‌ರೂಮ್ ಕ್ಲಾಸಿಕ್. ಅದರ `Masking` ಒಳಗೆ `Linear Gradient` ಇದೆ. ಎಳೆಯಲು ಆರಂಭಿಸಿದ ಕಡೆ ಪರಿಣಾಮ ಪೂರ್ತಿ, ಬಿಟ್ಟ ಕಡೆ ಸೊನ್ನೆ, ನಡುವೆ ಇಳಿಜಾರು. ಆ ಇಳಿಜಾರು ಎಷ್ಟು ಉದ್ದ ಇರಬೇಕೆನ್ನುವುದರಲ್ಲೇ ಕೆಲಸದ ಗುಟ್ಟಿದೆ. ದೊಡ್ಡಮ್ಮನ ಮುಖದಲ್ಲಿ ನೆರಳು ಮೂಗಿನ ಏಣಿನಿಂದ ಶುರುವಾಗಿ ಕೆನ್ನೆಯ ನಡುವಿನ ಹೊತ್ತಿಗೆ ಪೂರ್ತಿಯಾಗುತ್ತಿತ್ತು. ಮೊದಲ ಸಲ ಮೂಗಿನ ಪಕ್ಕದಲ್ಲೇ ಗಿಡ್ಡವಾಗಿ ಗ್ರೇಡಿಯೆಂಟ್ ಎಳೆದೆ. ಅರ್ಧ ಬೆಳಕು, ಅರ್ಧ ನೆರಳಿದ್ದ ಜಾಗಕ್ಕೂ ಪೂರ್ತಿ ಬೆಳಕು ಸುರಿದಂತಾಗಿ, ಮೂಗಿನ ಬದಿಯಲ್ಲಿ ಉದ್ದಕ್ಕೆ ಒಂದು ಬಿಳಿಚಿದ ಪಟ್ಟೆ ಮೂಡಿತು. ಇಂಥ ಪಟ್ಟೆ ಕಂಡರೆ ಮಾಸ್ಕಿನ ಇಳಿಜಾರು ನೆರಳಿನ ಇಳಿಜಾರಿಗಿಂತ ಗಿಡ್ಡವಾಗಿದೆ ಎಂದೇ ಅರ್ಥ.

ಎರಡನೆಯ ಸಲ ನೆರಳಿನ ಕಡೆಯ ಕಿವಿಯ ಮುಂದಿನಿಂದ ಆರಂಭಿಸಿ, ಮೂಗು ದಾಟಿ, ಬೆಳಕಿನ ಕಡೆಯ ಕಣ್ಣಿನ ಒಳಮೂಲೆಯವರೆಗೆ ಎಳೆದೆ. ಅವರು ಕತ್ತನ್ನು ತುಸು ವಾಲಿಸಿ ಕೂತಿದ್ದರು, ಆದ್ದರಿಂದ ಹಣೆಯಿಂದ ಗಲ್ಲಕ್ಕೆ ಇಳಿಯುವ ರೇಖೆಗೆ ಸರಿಯಾಗಿ ಗ್ರೇಡಿಯೆಂಟನ್ನೂ ವಾಲಿಸಿದೆ. ಪಟ್ಟೆ ಮಾಯವಾಯಿತು.

ಇನ್ನು ಎಷ್ಟು ಬೆಳಕು ಸೇರಿಸಬೇಕು? ಕಣ್ಣಂದಾಜು ಮೋಸ ಮಾಡುತ್ತದೆ, ಅಳೆಯುವುದು ಒಳ್ಳೆಯದು. ಕರ್ಸರನ್ನು ಚರ್ಮದ ಮೇಲಿಟ್ಟರೆ ಹಿಸ್ಟೊಗ್ರಾಮಿನ ಕೆಳಗೆ ಶೇಕಡಾ ಲೆಕ್ಕ ಕಾಣುತ್ತದೆ. ಬೆಳಕಿನ ಕೆನ್ನೆ 70ರ ಹತ್ತಿರ, ನೆರಳಿನ ಕೆನ್ನೆ 28ರ ಹತ್ತಿರ ಇತ್ತು. ಪರದೆಯ ಈ ಅಂಕಿಗಳನ್ನು ನಿಜವಾದ ಬೆಳಕಿಗೆ ಪರಿವರ್ತಿಸಿದರೆ ಒಂದು ಕೆನ್ನೆಗೆ ಇನ್ನೊಂದರ ಏಳು ಪಟ್ಟು ಬೆಳಕು. ಮಾಸ್ಕಿನೊಳಗೆ `Exposure` ಅನ್ನು 1.00 ಏರಿಸಿದೆ, ಅಂದರೆ ನೆರಳಿನ ಬೆಳಕು ಇಮ್ಮಡಿ. ಕೆನ್ನೆ 39ಕ್ಕೆ ಬಂತು, ಏಳು ಪಟ್ಟು ಇದ್ದದ್ದು ಮೂರೂವರೆಗೆ ಇಳಿಯಿತು. ಅಲ್ಲಿಗೆ ನಿಲ್ಲಿಸಿದೆ. ಎರಡೂ ಕೆನ್ನೆಯನ್ನು ಸಮ ಮಾಡುವ ಆಸೆ ಬರುತ್ತದೆ, ಅದಕ್ಕೆ ಕೈಕೊಡಬಾರದು. ಮೂಗಿಗೆ ಎತ್ತರ, ಕೆನ್ನೆಗೆ ದುಂಡು ಬರುವುದೇ ನೆರಳಿನಿಂದ; ಅದು ಹೋದರೆ ಮುಖ ಪಾಸ್‌ಪೋರ್ಟ್ ಫೋಟೊದಂತೆ ಚಪ್ಪಟೆಯಾಗುತ್ತದೆ. 17ನೆಯ ಶತಮಾನದ ಡಚ್ ಕಲಾವಿದ ರೆಂಬ್ರಾಂಟನ ಹೆಸರಿನಲ್ಲೇ ಇವತ್ತಿಗೂ ಒಂದು ಬೆಳಕಿನ ಕ್ರಮವಿದೆ: ನೆರಳಿನ ಕೆನ್ನೆಯ ಮೇಲೆ, ಕಣ್ಣಿನ ಕೆಳಗೆ, ಬೆಳಕಿನ ಒಂದು ಪುಟ್ಟ ತ್ರಿಕೋನ. ಉಳಿದ ಕೆನ್ನೆಯೆಲ್ಲ ನೆರಳು. ಆ ಮುಖಗಳಿಗೆ ತುಂಬುತನ ಬಂದಿರುವುದು ಆ ನೆರಳಿನಿಂದಲೇ.

ಬೆಳಕು ಏರಿಸಿದ ಮೇಲೆ ಅಡಗಿದ್ದ ಎರಡು ಸಂಗತಿ ಹೊರಬಂದವು. ಗ್ರೇಡಿಯೆಂಟಿಗೆ ಮುಖದ ಎಲ್ಲೆ ಗೊತ್ತಿಲ್ಲದ್ದರಿಂದ ಹಿಂದಿನ ಗೋಡೆಯೂ ಬೆಳಗಿತ್ತು. ಮಾಸ್ಕಿನ ಪಕ್ಕದ ಮೂರು ಚುಕ್ಕಿಯ ಮೆನುವಿನಲ್ಲಿ `Intersect Mask With` ಹಿಡಿದು `Brush` ಆರಿಸಿ, `Feather` 100 ಇಟ್ಟು ಮುಖದ ಮೇಲಷ್ಟೇ ಸವರಿದರೆ ಪರಿಣಾಮ ಅಲ್ಲಿಗೇ ಸೀಮಿತವಾಗುತ್ತದೆ. ಕಿವಿ ಮತ್ತು ಕುತ್ತಿಗೆಯನ್ನು ಮರೆಯದೆ ಸೇರಿಸಿಕೊಳ್ಳಿ, ಇಲ್ಲದಿದ್ದರೆ ಕಪ್ಪು ಕುತ್ತಿಗೆಯ ಮೇಲೆ ಬೆಳಗಿದ ಮುಖ ಮುಖವಾಡದಂತೆ ಕಾಣುತ್ತದೆ. ಇನ್ನೊಂದು ಬಣ್ಣದ್ದು. ನಮ್ಮ ನಡುಮನೆಯ ಗೋಡೆ ತಿಳಿಹಸಿರು. ಅದಕ್ಕೆ ಬಡಿದು ಬಂದ ಬೆಳಕೂ ಹಸಿರೇ. ಕತ್ತಲಲ್ಲಿ ಕಾಣದೆ ಇದ್ದದ್ದು ಈಗ ಕೆನ್ನೆಯ ಮೇಲೆ ಕಂಡಿತು. ಅದೇ ಮಾಸ್ಕಿನೊಳಗೆ `Tint` ಅನ್ನು ಮಜೆಂಟಾ ಕಡೆಗೆ 6, `Saturation` ಅನ್ನು 8 ಕೆಳಕ್ಕೆ ಸರಿಸಿದ ಮೇಲೆ ಎರಡೂ ಕೆನ್ನೆ ಒಬ್ಬರದೇ ಅನಿಸಿತು.

ಲೈಟ್‌ರೂಮ್ ಇಲ್ಲದವರು ಉಚಿತವಾದ ಗಿಂಪ್‌ನಲ್ಲೂ ಇದನ್ನು ಮಾಡಬಹುದು. ಲೇಯರಿನ ಇನ್ನೊಂದು ಪ್ರತಿ ಮಾಡಿ, ಮೇಲಿನದನ್ನು `Colors` ಮೆನುವಿನ `Exposure` ನಿಂದ ಬೆಳಗಿಸಿ, ಅದಕ್ಕೆ `Add Layer Mask` ಕೊಟ್ಟು, ಆ ಮಾಸ್ಕಿನ ಮೇಲೆ ಕಿವಿಯಿಂದ ಮೂಗಿನ ಆಚೆಗೆ ಬಿಳಿಯಿಂದ ಕಪ್ಪಿಗೆ ಗ್ರೇಡಿಯೆಂಟ್ ಎಳೆಯಿರಿ. ಬಿಳಿ ಇರುವಲ್ಲಿ ಬೆಳಗಿದ ಚಿತ್ರ ಕಾಣುತ್ತದೆ, ಕಪ್ಪು ಇರುವಲ್ಲಿ ಮೊದಲಿನದು. ಗೋಡೆಯ ಮೇಲೆ ಕಪ್ಪು ಬ್ರಷ್ ಸವರಿದರೆ ಗೋಡೆ ಹಿಂದಿನಂತಾಗುತ್ತದೆ.

ಎಷ್ಟು ಎತ್ತಬಹುದೆನ್ನುವುದಕ್ಕೆ ಮಿತಿ ಇದೆ. ನಾನು ತೆಗೆದದ್ದು ರಾ ಫೈಲ್, ಅದರ ನೆರಳಿನೊಳಗೆ ಇನ್ನೂ ವಿವರ ಉಳಿದಿತ್ತು. ಮೊಬೈಲಿನ ಸಾಮಾನ್ಯ ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು ಮಾತ್ರ, ಕತ್ತಲಿನ ಪಾಲಿಗೆ ಬರುವುದು ಅದರಲ್ಲಿ ಕೆಲವೇ. ಹೆಚ್ಚು ಎತ್ತಿದರೆ ಚರ್ಮದ ಮೇಲೆ ಮರಳು ಚೆಲ್ಲಿದಂತೆ ಕಾಳುಕಾಳಾಗುತ್ತದೆ, ಬಣ್ಣ ತೇಪೆತೇಪೆಯಾಗುತ್ತದೆ. ಹಾಗೆ ಕಂಡ ಕೂಡಲೇ ಹಿಂದೆ ಸರಿಯಬೇಕು. ಇನ್ನೊಂದು ಕಣ್ಣಿನದು: ನೆರಳಿನ ಕಣ್ಣಿನಲ್ಲಿ ಹೊಳಪಿನ ಚುಕ್ಕಿ ಇರದಿದ್ದರೆ ಯಾವ ಮಾಸ್ಕೂ ಅದನ್ನು ತರುವುದಿಲ್ಲ. ಕಣ್ಣು ತಿಳಿಯಾಗುತ್ತದೆ, ಹೊಳೆಯುವುದಿಲ್ಲ.

ಆ ಹೊಳಪು ಬೇಕೆಂದರೆ ತೆಗೆಯುವಾಗಲೇ ಬಿಳಿಯದೇನಾದರೂ ಹಿಡಿಯಬೇಕು. ನೆರಳಿನ ಕಡೆ ಎರಡು ಅಡಿ ದೂರದಲ್ಲಿ ಥರ್ಮೊಕೋಲ್ ಹಲಗೆಯನ್ನೋ ಒಗೆದ ಬಿಳಿ ಪಂಚೆಯನ್ನೋ ಯಾರಾದರೂ ಹಿಡಿದು ನಿಂತರೆ ಸಾಕು. ಹಿಡಿಯುವವರಿಲ್ಲದಿದ್ದರೆ ಕೂತವರ ಮುಖವನ್ನೇ ಕಿಟಕಿಯ ಕಡೆಗೆ ತುಸು ತಿರುಗಿಸಬಹುದು. ಆಮೇಲೆ ಮಾಸ್ಕಿಗೆ ಉಳಿಯುವುದು ಚಿಕ್ಕ ಕೆಲಸ.

ಪರದೆಯ ಮೇಲೆ ಸರಿ ಕಂಡ ನೆರಳು ಕಾಗದದ ಮೇಲೆ ಸಾಮಾನ್ಯವಾಗಿ ಒಂದಿಷ್ಟು ಹೆಚ್ಚು ಕಪ್ಪಾಗಿ ಬರುತ್ತದೆ. ದೊಡ್ಡ ಫ್ರೇಮಿಗೆ ಕೊಡುವ ಮುಂಚೆ 4×6 ಅಳತೆಯ ಒಂದು ಪ್ರಿಂಟ್ ಹಾಕಿಸಿ, ಅದನ್ನು ತೂಗುಹಾಕುವ ಗೋಡೆಯ ಹತ್ತಿರವೇ ಹಿಡಿದು ನೋಡಿ. ದೊಡ್ಡಮ್ಮನ ಫೋಟೊಕ್ಕೆ ಹಾಗೆ ನೋಡಿದ ಮೇಲೆ `Exposure` ಅನ್ನು ಇನ್ನೂ 0.20 ಏರಿಸಬೇಕಾಯಿತು.