ನಿಮ್ ಆಟ: ದ್ವಿಮಾನ ಅಂಕಿಗಳಿಂದ ಗೆಲುವಿನ ಲೆಕ್ಕ
(6ರಿಂದ 8ನೇ ತರಗತಿಗಳ ಗಣಿತ ಬೋಧನೆಗೆ ವಿವರಣಾ ಲೇಖನ)

ಹುಣಸೆ ಬೀಜಗಳನ್ನು ಮೂರು ಗುಡ್ಡೆಗಳಾಗಿ ನೆಲದ ಮೇಲಿಟ್ಟು ಇಬ್ಬರು ಆಡಬಹುದಾದ ಒಂದು ಆಟಕ್ಕೆ ನಿಮ್ ಎಂದು ಹೆಸರು. ಇದರ ನಿಯಮಗಳು ಮೂರೇ. ಸರದಿ ಬಂದವರು ಯಾವುದಾದರೂ ಒಂದು ಗುಡ್ಡೆಯಿಂದ ಮಾತ್ರ ಬೀಜಗಳನ್ನು ತೆಗೆಯಬೇಕು. ಕನಿಷ್ಠ ಒಂದು ಬೀಜವನ್ನು ತೆಗೆಯಲೇಬೇಕು. ಬೇಕಾದರೆ ಇಡೀ ಗುಡ್ಡೆಯನ್ನೇ ಎತ್ತಿಕೊಳ್ಳಬಹುದು. ಕೊನೆಯ ಬೀಜವನ್ನು ತೆಗೆದವರು ಗೆದ್ದಂತೆ.

ಇದರಲ್ಲಿ ದಾಳವಿಲ್ಲ, ಕವಡೆಯಿಲ್ಲ, ಮುಚ್ಚಿಟ್ಟ ಎಲೆಗಳಿಲ್ಲ. ಆದುದರಿಂದ ಅದೃಷ್ಟಕ್ಕೂ ಎಡೆಯಿಲ್ಲ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಗಣಿತಜ್ಞ ಚಾರ್ಲ್ಸ್ ಬೌಟನ್ ಅವರು 1901ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಈ ಆಟದ ಪೂರ್ಣ ಸಿದ್ಧಾಂತವನ್ನು ನೀಡಿದರು. ನಿಮ್ ಎಂಬ ಹೆಸರನ್ನಿಟ್ಟವರೂ ಅವರೇ. ಗುಡ್ಡೆಗಳನ್ನು ನೋಡಿದೊಡನೆ ಯಾರು ಗೆಲ್ಲಬಲ್ಲರು, ಯಾವ ಗುಡ್ಡೆಯಿಂದ ಎಷ್ಟು ತೆಗೆಯಬೇಕು ಎಂಬುದನ್ನು ಅವರ ಕ್ರಮದಿಂದ ಲೆಕ್ಕ ಹಾಕಿ ಹೇಳಬಹುದು. ಆ ಲೆಕ್ಕವನ್ನು ಮಕ್ಕಳು ಬಾಯಿಪಾಠ ಮಾಡದೆ, ಕಾರಣಸಹಿತವಾಗಿ ಅರಿಯುವಂತೆ ತಿಳಿಸುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಎರಡು ಗುಡ್ಡೆಗಳು

ಬೋಧನೆಯನ್ನು ಎರಡೇ ಗುಡ್ಡೆಗಳಿಂದ ಆರಂಭಿಸುವುದು ಸೂಕ್ತ. ಎರಡರಲ್ಲೂ ಐದೈದು ಬೀಜಗಳಿವೆ ಎಂದುಕೊಳ್ಳೋಣ. ಮೊದಲ ಆಟಗಾರರು ಒಂದು ಗುಡ್ಡೆಯಿಂದ ಎಷ್ಟು ತೆಗೆಯುತ್ತಾರೋ ಅಷ್ಟನ್ನೇ ಎರಡನೆಯವರು ಇನ್ನೊಂದರಿಂದ ತೆಗೆಯುತ್ತಾ ಹೋದರೆ, ಪ್ರತಿ ಸುತ್ತಿನ ಕೊನೆಗೆ ಗುಡ್ಡೆಗಳು ಮತ್ತೆ ಸಮನಾಗುತ್ತವೆ. ಮೊದಲನೆಯವರು ಒಂದು ಗುಡ್ಡೆಯನ್ನು ಬರಿದು ಮಾಡಿದಾಗ ಎರಡನೆಯವರು ಇನ್ನೊಂದನ್ನು ಬರಿದು ಮಾಡುತ್ತಾರೆ. ಕೊನೆಯ ಬೀಜ ಎರಡನೆಯವರದೇ. ಗುಡ್ಡೆಗಳು 5 ಮತ್ತು 8 ಆಗಿದ್ದರೆ ಮೊದಲನೆಯವರು 8ರಿಂದ 3 ತೆಗೆದು, ಈ ಅನುಕೂಲವನ್ನು ತಮ್ಮದಾಗಿಸಿಕೊಳ್ಳಬಹುದು.

ಕೆಲವು ಆಟಗಳಾದ ಮೇಲೆ ಮಕ್ಕಳು ಈ ಉಪಾಯವನ್ನು ತಾವೇ ಕಂಡುಕೊಳ್ಳುವ ಸಂಭವವಿದೆ. ಆದ್ದರಿಂದ ಶಿಕ್ಷಕರು ಇದನ್ನು ಮೊದಲೇ ಹೇಳಿಬಿಡಬಾರದು. ಇಲ್ಲಿಂದ ಮನಸ್ಸಿನಲ್ಲಿ ಉಳಿಯಬೇಕಾದ ಅಂಶ ಒಂದೇ: ಎದುರಾಳಿಗೆ ಎಲ್ಲವೂ ಜೋಡಿಯಾಗಿರುವ ಸ್ಥಿತಿಯನ್ನು ಬಿಟ್ಟುಕೊಡಬೇಕು. ಮೂರನೆಯ ಗುಡ್ಡೆ ಸೇರಿದಾಗ ಗುಡ್ಡೆಗೆ ಗುಡ್ಡೆ ಜೋಡಿಯಾಗುವುದಿಲ್ಲ. ಆಗ ಗುಡ್ಡೆಗಳೊಳಗಿನ ಭಾಗಗಳನ್ನು ಜೋಡಿ ಮಾಡಬೇಕಾಗುತ್ತದೆ.

ಗುಡ್ಡೆಯನ್ನು ಭಾಗ ಮಾಡುವ ಕ್ರಮ

ಯಾವುದೇ ಎಣಿಕೆಯ ಸಂಖ್ಯೆಯನ್ನು 1, 2, 4, 8, 16 ಮುಂತಾದ, ಒಂದಕ್ಕಿಂತ ಒಂದು ಇಮ್ಮಡಿಯಾದ ಭಾಗಗಳಾಗಿ ಒಡೆಯಬಹುದು. ಯಾವ ಭಾಗವನ್ನೂ ಎರಡು ಸಲ ಬಳಸಬೇಕಾಗಿಲ್ಲ. ಹಿಡಿಸುವ ಅತಿ ದೊಡ್ಡ ಭಾಗವನ್ನು ಮೊದಲು ಬೇರ್ಪಡಿಸಿ, ಉಳಿದುದಕ್ಕೆ ಅದೇ ಕ್ರಮವನ್ನು ಅನುಸರಿಸಿದರೆ ಸಾಕು. ಹೀಗೆ 3 ಎಂದರೆ 2+1, 5 ಎಂದರೆ 4+1, 7 ಎಂದರೆ 4+2+1. ಭಾಗ ಇದ್ದ ಕಡೆ 1, ಇಲ್ಲದ ಕಡೆ 0 ಬರೆದರೆ ಆ ಸಂಖ್ಯೆಯ ದ್ವಿಮಾನ ರೂಪ ದೊರೆಯುತ್ತದೆ. ದಶಮಾನ ಪದ್ಧತಿಯಲ್ಲಿ ಬಿಡಿ, ಹತ್ತು, ನೂರರ ಸ್ಥಾನಗಳಿರುವಂತೆ ಇಲ್ಲಿ ಒಂದು, ಎರಡು, ನಾಲ್ಕು, ಎಂಟರ ಸ್ಥಾನಗಳಿರುತ್ತವೆ.

3, 5, 7 ಬೀಜಗಳ ಮೂರು ಗುಡ್ಡೆಗಳನ್ನು ಹೀಗೆ ಬರೆಯಬಹುದು:

```
      4  2  1
3  =  0  1  1
5  =  1  0  1
7  =  1  1  1
```

ನೆಲದ ಮೇಲೆ ಸೀಮೆಸುಣ್ಣದಿಂದ ಇದೇ ರೀತಿ ಮನೆಗಳನ್ನು ಬರೆದು, ಬೀಜಗಳನ್ನು ಭಾಗಭಾಗವಾಗಿ ಆಯಾ ಮನೆಯಲ್ಲಿ ಇರಿಸಿದರೆ ಮಕ್ಕಳಿಗೆ ಅಂಕಿಯೂ ಬೀಜವೂ ಒಟ್ಟಿಗೆ ಕಾಣುತ್ತವೆ.

ಈಗ ಪ್ರತಿ ಕಂಬಸಾಲಿನಲ್ಲಿ ಎಷ್ಟು 1 ಇವೆ ಎಂದು ಎಣಿಸಬೇಕು. ನಾಲ್ಕರ ಸಾಲಿನಲ್ಲಿ ಎರಡು, ಎರಡರ ಸಾಲಿನಲ್ಲಿ ಎರಡು, ಒಂದರ ಸಾಲಿನಲ್ಲಿ ಮೂರು ಇವೆ. ಮೊದಲೆರಡು ಸಾಲುಗಳಲ್ಲಿ ಎಲ್ಲವೂ ಜೋಡಿಯಾಗಿವೆ; ಕೊನೆಯ ಸಾಲಿನಲ್ಲಿ ಒಂದು ಒಂಟಿಯಾಗಿ ಉಳಿದಿದೆ. ಎಲ್ಲ ಸಾಲುಗಳ ಎಣಿಕೆ ಸಮಸಂಖ್ಯೆಯಾಗಿದ್ದರೆ ಆ ಸ್ಥಿತಿಯನ್ನು ‘ಸಮಸ್ಥಿತಿ’ ಎಂದೂ, ಯಾವುದಾದರೂ ಒಂದು ಸಾಲಿನ ಎಣಿಕೆ ಬೆಸವಾಗಿದ್ದರೂ ‘ಬೆಸಸ್ಥಿತಿ’ ಎಂದೂ ಈ ಲೇಖನದಲ್ಲಿ ಕರೆಯಲಾಗಿದೆ. ಗೆಲುವಿನ ಸೂತ್ರವು ಇಷ್ಟೇ: ತನ್ನ ಸರದಿ ಮುಗಿದಾಗ ಎದುರಾಳಿಯ ಮುಂದೆ ಸಮಸ್ಥಿತಿಯನ್ನು ಬಿಡಬೇಕು.

ಒಂದು ಆಟ, ಮೊದಲಿನಿಂದ ಕೊನೆಯವರೆಗೆ

3, 5, 7ರ ಆಟದಲ್ಲಿ ಒಂದರ ಸಾಲು ಮಾತ್ರ ಬೆಸವಾಗಿರುವುದರಿಂದ ಮೊದಲ ಆಟಗಾರರು ಯಾವುದೇ ಗುಡ್ಡೆಯಿಂದ ಒಂದು ಬೀಜ ತೆಗೆದರೂ ಸಮಸ್ಥಿತಿ ಉಂಟಾಗುತ್ತದೆ. ಅವರು 3ರ ಗುಡ್ಡೆಯಿಂದ ತೆಗೆದರು ಎಂದುಕೊಂಡರೆ ಉಳಿಯುವುದು 2, 5, 7.

ಎದುರಾಳಿಯು 7ರಿಂದ 4 ತೆಗೆದರೆ 2, 5, 3 ಆಗುತ್ತದೆ. ಈಗ ನಾಲ್ಕರ ಸಾಲಿನಲ್ಲಿ ಒಂದೇ 1 ಇದೆ. ಅದು 5ರ ಗುಡ್ಡೆಯದು. ಮೊದಲನೆಯವರು ಅದರಿಂದ 4 ತೆಗೆದು 2, 1, 3 ಉಳಿಸುತ್ತಾರೆ. ಎದುರಾಳಿಯು 3ರ ಗುಡ್ಡೆಯನ್ನೆಲ್ಲ ಎತ್ತಿದರೆ 2 ಮತ್ತು 1 ಉಳಿಯುತ್ತವೆ. ಮೊದಲನೆಯವರು 2ರಿಂದ ಒಂದು ತೆಗೆದು 1, 1 ಮಾಡುತ್ತಾರೆ. ಎದುರಾಳಿ ಒಂದನ್ನು ತೆಗೆದೊಡನೆ ಕೊನೆಯ ಬೀಜ ಮೊದಲನೆಯವರ ಕೈ ಸೇರುತ್ತದೆ.

ಎರಡು ಸಾಲುಗಳು ಬೆಸವಾದಾಗ

ಒಂದಕ್ಕಿಂತ ಹೆಚ್ಚು ಸಾಲುಗಳು ಬೆಸವಾಗಿದ್ದರೆ ಮಕ್ಕಳು ತೊಡಕಿಗೆ ಸಿಲುಕುತ್ತಾರೆ. 5, 6, 9ರ ಉದಾಹರಣೆಯನ್ನು ನೋಡಬಹುದು:

```
      8  4  2  1
5  =  0  1  0  1
6  =  0  1  1  0
9  =  1  0  0  1
```

ಎಂಟರ ಸಾಲೂ ಎರಡರ ಸಾಲೂ ಬೆಸವಾಗಿವೆ. ಇಲ್ಲಿ 8 ಮತ್ತು 2ನ್ನು ಕೂಡಿಸಿ 10 ಬೀಜ ತೆಗೆಯಲು ಹೊರಟರೆ ಅಷ್ಟು ಬೀಜಗಳಿರುವ ಗುಡ್ಡೆಯೇ ಇಲ್ಲ. ಸರಿಯಾದ ಕ್ರಮ ಹೀಗಿದೆ. ಬೆಸವಾದ ಸಾಲುಗಳಲ್ಲಿ ಎಲ್ಲಕ್ಕಿಂತ ಎಡಗಡೆಯದನ್ನು ಗುರುತಿಸಬೇಕು. ಇಲ್ಲಿ ಅದು ಎಂಟರ ಸಾಲು. ಆ ಸಾಲಿನಲ್ಲಿ 1 ಇರುವ ಗುಡ್ಡೆಯನ್ನು ಆರಿಸಬೇಕು. ಇಲ್ಲಿ ಅದು 9. ಆ ಗುಡ್ಡೆಯ ಅಂಕಿಗಳಲ್ಲಿ, ಬೆಸವಾದ ಪ್ರತಿ ಸಾಲಿನಲ್ಲಿಯೂ, 1 ಇದ್ದರೆ 0 ಎಂದೂ 0 ಇದ್ದರೆ 1 ಎಂದೂ ತಿದ್ದಬೇಕು. ಆಗ 1001 ಎಂಬುದು 0011 ಆಗುತ್ತದೆ, ಅಂದರೆ 3. ಗುಡ್ಡೆಯಲ್ಲಿ 3 ಉಳಿಯುವಂತೆ 6 ಬೀಜಗಳನ್ನು ತೆಗೆಯಬೇಕು. ಉಳಿದ 5, 6, 3ರಲ್ಲಿ ಎಲ್ಲ ಸಾಲುಗಳೂ ಸಮವಾಗಿವೆ.

ಎರಡರ ಸಾಲಿನಲ್ಲಿ ಇಲ್ಲದ 1 ಹೊಸದಾಗಿ ಎಲ್ಲಿಂದ ಬಂತು ಎಂದು ಮಗು ಕೇಳಿದರೆ, ಬೀಜಗಳನ್ನೇ ತೋರಿಸಿ ಉತ್ತರಿಸಬೇಕು. ಎಂಟರ ಭಾಗವನ್ನು ಒಡೆದು ಅದರಲ್ಲಿ 2 ಬೀಜಗಳನ್ನು ಉಳಿಸಿಕೊಂಡು 6 ತೆಗೆಯಲಾಗಿದೆ. ಎಂಟು ಎಂಬುದು 4+2+1ಕ್ಕಿಂತ ದೊಡ್ಡದು. ಆದುದರಿಂದ ಅದನ್ನು ಒಡೆದರೆ ಬಲಗಡೆಯ ಸಾಲುಗಳಿಗೆ ಬೇಕಾದುದನ್ನೆಲ್ಲ ಕೊಟ್ಟ ಮೇಲೂ ತೆಗೆಯಲು ಕನಿಷ್ಠ ಒಂದು ಬೀಜ ಉಳಿದೇ ಉಳಿಯುತ್ತದೆ.

ಸೂತ್ರವು ತಪ್ಪದಿರಲು ಕಾರಣ

ಮೇಲಿನ ಮಾತಿನಲ್ಲಿಯೇ ಅರ್ಧ ಕಾರಣ ಅಡಗಿದೆ: ಬೆಸಸ್ಥಿತಿಯನ್ನು ಒಂದೇ ನಡೆಯಲ್ಲಿ ಸಮಸ್ಥಿತಿಗೆ ತರುವುದು ಯಾವಾಗಲೂ ಸಾಧ್ಯ. ಉಳಿದರ್ಧ ಇನ್ನೂ ಸುಲಭವಾದುದು. ಸಮಸ್ಥಿತಿಯಲ್ಲಿ ಆಡುವವರು ಒಂದೇ ಗುಡ್ಡೆಯನ್ನು ಮುಟ್ಟಬಹುದು. ಬೀಜ ತೆಗೆದಾಗ ಆ ಗುಡ್ಡೆಯ ಒಂದಾದರೂ ಅಂಕಿ ಬದಲಾಗುತ್ತದೆ. ಬೇರೆ ಗುಡ್ಡೆಗಳ ಅಂಕಿಗಳು ಹಾಗೆಯೇ ಇರುತ್ತವೆ. ಆದ್ದರಿಂದ ಆ ಸಾಲಿನ ಸಮ ಎಣಿಕೆ ಬೆಸವಾಗಲೇಬೇಕು. ಎಂದರೆ ಸಮಸ್ಥಿತಿಯಿಂದ ಸಮಸ್ಥಿತಿಗೆ ಹೋಗಲು ದಾರಿಯಿಲ್ಲ. ಬೀಜಗಳೆಲ್ಲ ಮುಗಿದ 0, 0, 0 ಎಂಬುದೂ ಸಮಸ್ಥಿತಿಯೇ. ಪ್ರತಿ ಸಲವೂ ಸಮಸ್ಥಿತಿಯನ್ನು ಉಂಟುಮಾಡುತ್ತ ಬಂದವರೇ ಅಲ್ಲಿಗೆ ತಲುಪುತ್ತಾರೆ.

ಇದರಿಂದ ಒಂದು ಮಿತಿಯೂ ಸ್ಪಷ್ಟವಾಗುತ್ತದೆ. ಆಟ ಆರಂಭದಲ್ಲಿಯೇ ಸಮಸ್ಥಿತಿಯಲ್ಲಿದ್ದರೆ ಮೊದಲು ಆಡುವವರಿಗೆ ಗೆಲುವಿನ ನಡೆಯೇ ಇರುವುದಿಲ್ಲ. ಸೂತ್ರವನ್ನು ಬಲ್ಲವರೂ ಆಗ ಒಂದೋ ಎರಡೋ ಬೀಜ ತೆಗೆದು, ಎದುರಾಳಿ ತಪ್ಪುವುದನ್ನು ಕಾಯಬೇಕಷ್ಟೆ.

ತರಗತಿಯಲ್ಲಿ ಕಂಡುಬರುವ ತಪ್ಪುಗಳು

ಮೊದಲನೆಯದು, ಅಂಕಿಗಳನ್ನು ಸಾಮಾನ್ಯ ಸಂಕಲನದಂತೆ ಕೂಡುವುದು. ಒಂದರ ಸಾಲಿನಲ್ಲಿ ಎರಡು 1 ಇದ್ದಾಗ ಮಗುವು ಮುಂದಿನ ಸ್ಥಾನಕ್ಕೆ ಒಂದನ್ನು ಏರಿಸಿದರೆ ಲೆಕ್ಕ ಕೆಡುತ್ತದೆ. ಇಲ್ಲಿ ಪ್ರತಿ ಸಾಲು ತನ್ನಷ್ಟಕ್ಕೆ ತಾನೇ ಇರುತ್ತದೆ. ಜೋಡಿಯಾದುದನ್ನು ಅಳಿಸಬೇಕೇ ಹೊರತು ಏರಿಸಬಾರದು. ಎರಡನೆಯದು, ಸ್ಥಾನಗಳನ್ನು ಬಲಗಡೆಯಿಂದ ಹೊಂದಿಸದೆ ಬರೆಯುವುದು. 3ನ್ನು 11 ಎಂದು ಬರೆದು 5ರ 101ರ ಎಡ ಅಂಚಿಗೆ ಸೇರಿಸಿದರೆ ಎಲ್ಲ ಎಣಿಕೆಯೂ ತಪ್ಪುತ್ತದೆ. ಮುಂದೆ ಸೊನ್ನೆ ಸೇರಿಸಿ 011 ಎಂದು ಬರೆಯುವ ರೂಢಿ ಇದನ್ನು ತಡೆಯುತ್ತದೆ. ಮೂರನೆಯದು, ಬೀಜಗಳ ಒಟ್ಟು ಮೊತ್ತ ಸಮಸಂಖ್ಯೆಯಾಗಿದ್ದರೆ ಸಾಕೆಂದು ತಿಳಿಯುವುದು. 5, 6, 9ರ ಮೊತ್ತ 20. ಆದರೂ ಅದು ಬೆಸಸ್ಥಿತಿಯೇ.

ಕೊನೆಯ ಬೀಜ ತೆಗೆದವರು ಸೋತಂತೆ ಎಂಬ ನಿಯಮದಿಂದ ಆಡುವುದೂ ಉಂಟು. ಅಲ್ಲಿಯೂ ಇದೇ ಸೂತ್ರವನ್ನು ಅನುಸರಿಸಿ, ಕೊನೆಯಲ್ಲಿ ಮಾತ್ರ ಬದಲಿಸಬೇಕು. ಒಂದಕ್ಕಿಂತ ಹೆಚ್ಚು ಬೀಜಗಳಿರುವ ಗುಡ್ಡೆ ಒಂದೇ ಉಳಿದು, ಮಿಕ್ಕವು ಒಂಟಿ ಬೀಜಗಳಾದಾಗ, ಆ ದೊಡ್ಡ ಗುಡ್ಡೆಯನ್ನು ಪೂರ್ತಿಯಾಗಿ ಇಲ್ಲವೇ ಒಂದು ಬೀಜ ಬಿಟ್ಟು ತೆಗೆದು, ಒಂಟಿ ಬೀಜಗಳ ಸಂಖ್ಯೆ ಬೆಸವಾಗುವಂತೆ ನೋಡಿಕೊಳ್ಳಬೇಕು. ಒಂದು ಸರದಿಗೆ ಇಂತಿಷ್ಟೇ ಬೀಜ ತೆಗೆಯಬೇಕೆಂಬ ಮಿತಿಯಿರುವ ಆಟಗಳಿಗೆ ಮಾತ್ರ ಈ ಲೆಕ್ಕ ಇದ್ದಂತೆಯೇ ಅನ್ವಯಿಸುವುದಿಲ್ಲ.

ಕಲಿಕೆಯನ್ನು ಪರೀಕ್ಷಿಸುವ ಬಗೆ

ಮಗುವಿಗೆ ಸೂತ್ರವು ಅರ್ಥವಾಗಿದೆಯೇ ಎಂದು ತಿಳಿಯಲು ಆಟದ ಗೆಲುವನ್ನು ನೋಡಿದರೆ ಸಾಲದು. ಎದುರಾಳಿಯ ತಪ್ಪಿನಿಂದಲೂ ಗೆಲುವು ಬರಬಹುದು. ಅದರ ಬದಲು ಶಿಕ್ಷಕರು 4 ಮತ್ತು 6 ಬೀಜಗಳ ಎರಡು ಗುಡ್ಡೆಗಳನ್ನಿಟ್ಟು, ಸಮಸ್ಥಿತಿಯಾಗಲು ಮೂರನೆಯ ಗುಡ್ಡೆಯಲ್ಲಿ ಎಷ್ಟಿರಬೇಕೆಂದು ಕೇಳಬಹುದು. 100 ಮತ್ತು 110ರಲ್ಲಿ ಎರಡರ ಸಾಲು ಮಾತ್ರ ಒಂಟಿಯಾಗಿರುವುದರಿಂದ ಉತ್ತರ 2. ಇದಕ್ಕೆ ಬೇರೆ ಉತ್ತರವಿಲ್ಲ. ಎರಡು ಗುಡ್ಡೆಗಳು ಗೊತ್ತಾದರೆ ಮೂರನೆಯದು ಗೊತ್ತಾದಂತೆಯೇ. ಪ್ರತಿ ಗುಡ್ಡೆಯಲ್ಲಿ 0ಯಿಂದ 7ರವರೆಗೆ ಬೀಜಗಳಿರಬಹುದಾದರೆ ಒಟ್ಟು 512 ಬಗೆಯ ಜೋಡಣೆಗಳಿದ್ದು, ಅವುಗಳಲ್ಲಿ ಸಮಸ್ಥಿತಿಯವು 64 ಮಾತ್ರ. ಎಂಟರಲ್ಲಿ ಏಳು ಪಾಲು ಜೋಡಣೆಗಳಲ್ಲಿ ಗೆಲುವು ಮೊದಲು ಆಡುವವರ ಕೈಯಲ್ಲಿರುತ್ತದೆ. ಆದುದರಿಂದ ಗುಡ್ಡೆಗಳನ್ನು ಒಬ್ಬರು ತಮಗಿಷ್ಟ ಬಂದಂತೆ ಇಟ್ಟ ಮೇಲೆ, ಮೊದಲು ಆಡಬೇಕೋ ಬೇಡವೋ ಎಂಬ ಆಯ್ಕೆಯನ್ನು ಇನ್ನೊಬ್ಬರಿಗೆ ಬಿಡಬೇಕು. ಆಗ ಆ ಮಗು ಬೀಜವನ್ನು ಮುಟ್ಟುವ ಮೊದಲೇ ಲೆಕ್ಕ ಹಾಕಬೇಕಾಗುತ್ತದೆ.